ಮೋಡದ ಕಂಬಳಿ: 24 ಪುಟಾಣಿಗಳಿಗೊಂದು ನಾಟಕ

ಪ್ರಶ್ನೆ: ನಮ್ಮ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಸೇರಿ 24 ಮಕ್ಕಳಿದ್ದಾರೆ. ಈ ಸಲದ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಬದಲು ಐದಾರು ನಿಮಿಷದ ಕನ್ನಡ ನಾಟಕ ಆಡಿಸುವ ಆಸೆ. ಎಲ್ಲರಿಗೂ ಪಾತ್ರ ಬೇಕು, ಮಾತು ಸುಲಭವಾಗಿರಬೇಕು. ನಾಲ್ಕೈದು ಮಕ್ಕಳು ಸ್ಟೇಜ್ ಮೇಲೆ ಬಾಯಿ ಬಿಡುವುದೇ ಇಲ್ಲ, ಇಬ್ಬರ ಮನೆಮಾತು ಕನ್ನಡವಲ್ಲ. ಮೂರು ವಾರ ಸಮಯವಿದೆ. ಒಂದು ಸ್ಕ್ರಿಪ್ಟ್ ಕೊಡುತ್ತೀರಾ?

ಉತ್ತರ: ಪೂರ್ತಿ ಸ್ಕ್ರಿಪ್ಟನ್ನೇ ಕೆಳಗೆ ಕೊಟ್ಟಿದ್ದೇನೆ. ಅದಕ್ಕೂ ಮೊದಲು ಅದನ್ನು ಹೀಗೆ ಏಕೆ ಕಟ್ಟಿದ್ದೇನೆ ಎಂಬುದನ್ನು ಹೇಳಬೇಕು. ನಿಮ್ಮ ತರಗತಿಗೆ ಹೊಂದಿಸಿಕೊಳ್ಳುವಾಗ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.

ಬಹಳ ವರ್ಷಗಳ ಹಿಂದೆ ಒಂದು ಶಾಲೆಯ ಪುಟಾಣಿಗಳಿಗೆ ನಾನು ಮೊದಲ ಬಾರಿ ನಾಟಕ ಬರೆದುಕೊಟ್ಟಾಗ, ಪ್ರತಿ ಮಗುವಿಗೂ ಒಂದೊಂದು ವಾಕ್ಯ, ಒಂದೊಂದು ಪ್ರವೇಶ, ಒಂದೊಂದು ನಿರ್ಗಮನ ಎಂದು ಲೆಕ್ಕ ಹಾಕಿ ಹಂಚಿದ್ದೆ. ತರಗತಿಯಲ್ಲಿ ಎಲ್ಲ ಮಕ್ಕಳೂ ತಮ್ಮ ಮಾತನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು. ವೇದಿಕೆಯ ಮೇಲೆ ಮೂರನೆಯ ಮಗು ಸುಮ್ಮನೆ ನಿಂತಿತು. ಅದರ ಮಾತು ಮುಗಿಯುವುದನ್ನೇ ಕಾಯುತ್ತಿದ್ದ ನಾಲ್ಕನೆಯ ಮಗುವೂ ನಿಂತಿತು, ಪಕ್ಕದ ತೆರೆಯ ಹಿಂದಿದ್ದ ಐದನೆಯ ಮಗು ಒಳಗೆ ಬರಲೇ ಇಲ್ಲ. ಆ ಮಕ್ಕಳು ತಮ್ಮ ಮಾತನ್ನು ಮರೆತಿರಲಿಲ್ಲ, ಕೆಳಗಿಳಿದ ಕೂಡಲೇ ಎಲ್ಲರೂ ಅದನ್ನು ಹೇಳಿ ತೋರಿಸಿದರು. ಅವರಿಗೆ ತಿಳಿಯದೆ ಹೋದದ್ದು ಆ ಮಾತನ್ನು ಯಾವಾಗ ಹೇಳಬೇಕು ಎಂಬುದು. ನಾಲ್ಕೈದು ವರ್ಷದ ಮಗುವಿಗೆ ಮಾತು ನೆನಪಿರುತ್ತದೆ, ಸರದಿ ನೆನಪಿರುವುದಿಲ್ಲ. ಪುಟಾಣಿಗಳ ನಾಟಕ ಬರೆಯುವವರು ಮೊದಲು ಬಿಡಿಸಬೇಕಾದ ಗಂಟು ಇದೇ.

ಇದಕ್ಕೆ ಉತ್ತರ ನಮ್ಮ ಯಕ್ಷಗಾನದಲ್ಲಿಯೇ ಇದೆ. ಅಲ್ಲಿ ಭಾಗವತರು ಆಟದುದ್ದಕ್ಕೂ ರಂಗದ ಮೇಲೆಯೇ ಇರುತ್ತಾರೆ, ಕಥೆಯನ್ನು ಹಾಡಿ ಮುನ್ನಡೆಸುತ್ತಾರೆ, ರಂಗಕ್ಕೆ ಬಂದ ವೇಷವನ್ನು ತಾವೇ ಮಾತನಾಡಿಸುತ್ತಾರೆ. ನಿಮ್ಮ ನಾಟಕದಲ್ಲಿ ಆ ಭಾಗವತರ ಸ್ಥಾನ ನಿಮ್ಮದು. ಕಥೆಯ ಕ್ರಮವನ್ನೆಲ್ಲ ನೀವು ಹೊತ್ತುಕೊಂಡು ಕೇಳುತ್ತ ಹೋದರೆ, ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಕೊಡುವುದು ಈ ವಯಸ್ಸಿನ ಮಕ್ಕಳಿಗೆ ಉಸಿರಾಟದಷ್ಟು ಸಹಜ, ಅದಕ್ಕೆ ಬಾಯಿಪಾಠ ಬೇಕಿಲ್ಲ. ಕೆಲವು ಶಾಲೆಗಳಲ್ಲಿ ಯುಕೆಜಿಯ ಚುರುಕಾದ ಮಗುವೊಂದಕ್ಕೆ ನಿರೂಪಣೆ ಮಾಡಿಸುತ್ತಾರೆ. ಅದನ್ನು ಮಾಡಬೇಡಿ, ಏಕೆಂದರೆ ಆ ಒಂದು ಮಗು ತಡವರಿಸಿದರೆ ಉಳಿದ 23 ಮಕ್ಕಳ ದಾರಿಯೂ ತಪ್ಪುತ್ತದೆ.

ಇನ್ನು ಪಾತ್ರಗಳ ವಿಷಯ. ಒಬ್ಬೊಬ್ಬರೇ ಆಡುವ ಪಾತ್ರಗಳು ಮೂರು ಮಾತ್ರ: ಅಜ್ಜಿ, ಹುಂಜ ಮತ್ತು ಸೂರ್ಯ. ಉಳಿದವರೆಲ್ಲ ಗುಂಪುಗಳಲ್ಲಿರುತ್ತಾರೆ: ಮೂರು ಹಪ್ಪಳ, ನಾಲ್ಕು ಮೋಡ, ನಾಲ್ಕು ಗುಬ್ಬಿ, ಮೂರು ಮೇಕೆ, ಮೂರು ಕರು, ನಾಲ್ಕು ಕಪ್ಪೆ. ಒಟ್ಟು 24 ಆಯಿತು. ಗುಂಪಿನಲ್ಲಿ ಒಬ್ಬರು ಬಾಯಿ ಬಿಟ್ಟರೆ ಉಳಿದವರಿಗೆ ಧೈರ್ಯ ಬರುತ್ತದೆ, ಒಬ್ಬರು ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವೇದಿಕೆಯ ಮೇಲೆ ಬಾಯಿ ಬಿಡದ ನಿಮ್ಮ ನಾಲ್ಕೈದು ಮಕ್ಕಳಿಗೆಂದೇ ಮೋಡಗಳನ್ನು ಇಟ್ಟಿದ್ದೇನೆ. ಅವರಿಗೆ ಮಾತಿಲ್ಲ, ಆದರೆ ನಾಟಕದ ಮುಖ್ಯ ಕೆಲಸ ಅವರ ಕೈಯಲ್ಲಿದೆ: ಅವರು ಹಿಡಿದ ಬೆಡ್‌ಶೀಟೇ ಸೂರ್ಯನನ್ನು ಮುಚ್ಚಿದ ಕಂಬಳಿ, ಅದನ್ನು ಅವರು ಬಿಟ್ಟಾಗಲೇ ಬೆಳಗಾಗುತ್ತದೆ. ನಾಚಿಕೆಯ ಮಗುವಿಗೆ ಹಿಡಿದುಕೊಳ್ಳಲು ಏನಾದರೂ ಇದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಮರ, ಕಲ್ಲು ಎಂದು ಸುಮ್ಮನೆ ನಿಲ್ಲಿಸಿದರೆ ಅದೇ ಮಗು ಐದು ನಿಮಿಷ ಸಭೆಯನ್ನು ನೋಡಿ ನೋಡಿ ಅಳಲು ಆರಂಭಿಸುತ್ತದೆ.

ಮಾತುಗಳನ್ನು ಬರೆಯುವಾಗ ನಾಲಗೆಯ ಅಳತೆಯನ್ನೂ ನೋಡಿದ್ದೇನೆ. ಈ ವಯಸ್ಸಿನಲ್ಲಿ ಪ, ಬ, ಮ, ತ, ದ, ನ ಎಲ್ಲರಿಗೂ ಬರುತ್ತವೆ. ರ, ಶ, ಷ ಮತ್ತು ಬೇರೆ ಬೇರೆ ವ್ಯಂಜನಗಳು ಕೂಡಿದ ಒತ್ತಕ್ಷರಗಳು ಅನೇಕರಿಗೆ ಇನ್ನೂ ಹೊರಳುವುದಿಲ್ಲ. ಆದ್ದರಿಂದ ಒಬ್ಬರೇ ಹೇಳುವ ಹೆಚ್ಚಿನ ಮಾತುಗಳು 'ಬಂದೆ', 'ಬಿಸಿಲಿಲ್ಲ', 'ಹಪ್ಪಳ ಮಾಡಿದೆ' ಎಂಬಂತೆ ಹಗುರವಾಗಿವೆ. 'ಸೂರ್ಯಣ್ಣ' ಎಂಬ ಕಷ್ಟದ ಪದ ಮಕ್ಕಳಿಗೆ ಎಲ್ಲರೂ ಸೇರಿ ಹೇಳುವ ಹಾಡಿನಲ್ಲಿ ಮಾತ್ರ ಬರುತ್ತದೆ. ಅಲ್ಲಿ ಕೆಲವರು 'ಸೂಯ್ಯಣ್ಣ' ಎಂದರೂ ಒಟ್ಟು ದನಿಯಲ್ಲಿ ಸೇರಿಹೋಗುತ್ತದೆ. ದಯವಿಟ್ಟು ಅದನ್ನು ತಿದ್ದಲು ಹೋಗಬೇಡಿ. ಅಭ್ಯಾಸದಲ್ಲಿ ಉಚ್ಚಾರಣೆ ತಿದ್ದಿಸಿಕೊಂಡ ಮಗು ವೇದಿಕೆಯ ಮೇಲೆ ಆ ಪದ ಬಂದಾಗಲೆಲ್ಲ ದನಿ ತಗ್ಗಿಸುತ್ತದೆ.

ಈಗ ರಂಗಸಜ್ಜು. ವೇದಿಕೆಯ ಹಿಂಭಾಗದ ನಡುವೆ ನಾಲ್ಕು ಪುಟ್ಟ ಕುರ್ಚಿಗಳ ಮೇಲೆ ಮೋಡಗಳು ಬೂದುಬಣ್ಣದ ಬೆಡ್‌ಶೀಟೊಂದನ್ನು ಎದೆಯ ಮಟ್ಟಕ್ಕೆ ಹಿಡಿದು ಕುಳಿತಿರುತ್ತವೆ. ನಿಂತು ಹಿಡಿದರೆ ಎರಡೇ ನಿಮಿಷಕ್ಕೆ ಕೈ ಸೋಲುತ್ತದೆ, ಕುಳಿತಾಗ ಬಟ್ಟೆಯನ್ನು ತೊಡೆಯ ಮೇಲೆ ಇಳಿಸಿಕೊಳ್ಳಬಹುದು. ಬೆಡ್‌ಶೀಟಿನ ಹಿಂದೆ ಸೂರ್ಯ ನೆಲದ ಮೇಲೆ ಕುಳಿತಿರುತ್ತಾನೆ, ಅವನ ಬಳಿ ಗಟ್ಟಿಯಾದ, ತೀರಾ ತಗ್ಗಾದ ಒಂದು ಮಣೆ ಇರುತ್ತದೆ. ಎಡಕ್ಕೆ ಗುಬ್ಬಿ ಮತ್ತು ಮೇಕೆಗಳು, ಬಲಕ್ಕೆ ಕರು ಮತ್ತು ಕಪ್ಪೆಗಳು ಅರ್ಧ ವೃತ್ತದಲ್ಲಿ ಕುಳಿತಿರುತ್ತಾರೆ. ಮುಂದೆ ಅಜ್ಜಿ, ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಹಪ್ಪಳಗಳು, ಇನ್ನೊಂದು ಪಕ್ಕದಲ್ಲಿ ಹುಂಜ. ತೆರೆ ಏಳುವ ಮೊದಲೇ ಎಲ್ಲರೂ ತಮ್ಮ ಜಾಗದಲ್ಲಿರಬೇಕು, ನಾಟಕ ಮುಗಿಯುವವರೆಗೆ ಯಾರೂ ಒಳಹೊರಗೆ ಹೋಗುವುದಿಲ್ಲ. ತಮ್ಮ ಸರದಿ ಬಂದಾಗ ಎದ್ದು ನಿಲ್ಲುವುದು, ಮುಗಿದಾಗ ಕುಳಿತುಕೊಳ್ಳುವುದು, ಇಷ್ಟೇ ಚಲನೆ. ಭಾಗವತರಾದ ನೀವು ಕೈಯಲ್ಲಿ ಮೈಕ್ ಹಿಡಿದು ಅವರ ನಡುವೆಯೇ ಓಡಾಡುತ್ತೀರಿ.

ನಾಟಕ: ಮೋಡದ ಕಂಬಳಿ

ಭಾಗವತರು: ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಎಲ್ಲಿ ಕೂತಿದ್ದಾರೆ? ಎಲ್ಲರೂ ಒಂದ್ಸಲ ಕೈ ಬೀಸಿ ನೋಡೋಣ!

(ಎಲ್ಲರೂ ಕೈ ಬೀಸುತ್ತಾರೆ.)

ಭಾಗವತರು: ಆಯ್ತಾ? ಈಗ ಕಥೆ ಶುರು. ಒಂದಾನೊಂದು ಊರು. ಆ ಊರಲ್ಲೊಬ್ಬರು ಅಜ್ಜಿ. ಅಜ್ಜೀ, ಏನು ಮಾಡಿದ್ರಿ?

ಅಜ್ಜಿ: ಹಪ್ಪಳ ಮಾಡಿದೆ!

ಭಾಗವತರು: ಎಷ್ಟು ಹಪ್ಪಳ ಅಜ್ಜಿ?

ಅಜ್ಜಿ: (ಒಂದೊಂದನ್ನೇ ಮುಟ್ಟುತ್ತ) ಒಂದು, ಎರಡು, ಮೂರು!

ಭಾಗವತರು: ಹಪ್ಪಳಗಳೇ, ಒಣಗಿದ್ರಾ?

ಹಪ್ಪಳಗಳು: ಇಲ್ಲ ಇಲ್ಲ! ಹಸಿ ಹಸಿ!

ಭಾಗವತರು: ಯಾಕಜ್ಜಿ ಒಣಗಿಲ್ಲ?

ಅಜ್ಜಿ: ಬಿಸಿಲಿಲ್ಲ!

ಭಾಗವತರು: ಅಯ್ಯೋ, ಬೆಳಗಾಯ್ತು, ಬಿಸಿಲೇ ಬಂದಿಲ್ಲ. ಎಲ್ಲಿ ಹೋದ ನಮ್ಮ ಸೂರ್ಯಣ್ಣ?

(ಮೋಡಗಳು ಬೆಡ್‌ಶೀಟನ್ನು ಅಲೆಯಂತೆ ಅಲುಗಿಸುತ್ತವೆ.)

ಭಾಗವತರು: ಓಹೋ, ಮೋಡದ ಕಂಬಳಿ ಹೊದ್ದು ಮಲಗಿದ್ದಾನೆ! ದಿನಾ ಅವನನ್ನ ಎಬ್ಬಿಸೋದು ಯಾರು?

ಎಲ್ಲರೂ: ಹುಂಜ!

ಭಾಗವತರು: ಹುಂಜಪ್ಪಾ, ಕೂಗಪ್ಪಾ!

ಹುಂಜ: (ಎದ್ದು, ಸಣ್ಣ ದನಿಯಲ್ಲಿ) ಕೊ... ಕೊ... (ಕೆಮ್ಮುತ್ತಾನೆ)

ಭಾಗವತರು: ಏನಾಯ್ತು ಹುಂಜಪ್ಪ?

ಹುಂಜ: ಗಂಟಲು ನೋವು!

ಅಜ್ಜಿ: ಕಷಾಯ ಕುಡಿ ಕಂದ!

(ಅಜ್ಜಿ ಲೋಟ ಕೊಡುತ್ತಾಳೆ. ಹುಂಜ ಕುಡಿದಂತೆ ಮಾಡಿ ಕುಳಿತುಕೊಳ್ಳುತ್ತಾನೆ.)

ಭಾಗವತರು: ಹುಂಜನಿಗೆ ಆಗಲಿಲ್ಲ. ನಾವೇ ಕರೆಯೋಣ್ವಾ?

ಎಲ್ಲರೂ: (ಚಪ್ಪಾಳೆ ತಟ್ಟುತ್ತ) ಏಳು ಏಳು ಸೂರ್ಯಣ್ಣ, ಕಂಬಳಿ ತೆಗೆಯೋ ಸೂರ್ಯಣ್ಣ!

(ಮೋಡಗಳು ಬೆಡ್‌ಶೀಟ್ ಅಲುಗಿಸುತ್ತವೆ. ಮುಂದೆಯೂ ಹಾಡು ಬಂದಾಗಲೆಲ್ಲ ಹೀಗೆಯೇ.)

ಭಾಗವತರು: ಎದ್ದನಾ?

ಎಲ್ಲರೂ: ಇಲ್ಲ!

ಭಾಗವತರು: ಈಗ ಯಾರು ಎಬ್ಬಿಸ್ತೀರಿ?

ಗುಬ್ಬಿಗಳು: (ಎದ್ದು, ರೆಕ್ಕೆ ಬಡಿಯುತ್ತ) ನಾವು! ನಾವು!

ಭಾಗವತರು: ಗುಬ್ಬಿಗಳಿಗೆ ಯಾಕೆ ಬಿಸಿಲು?

ಗುಬ್ಬಿಗಳು: ಕಾಳು ಕಾಣ್ತಿಲ್ಲ!

ಭಾಗವತರು: ಹಾಗಾದ್ರೆ ಕೂಗಿ!

ಗುಬ್ಬಿಗಳು: ಚಿಂವ್ ಚಿಂವ್! ಚಿಂವ್ ಚಿಂವ್!

ಎಲ್ಲರೂ: ಏಳು ಏಳು ಸೂರ್ಯಣ್ಣ, ಕಂಬಳಿ ತೆಗೆಯೋ ಸೂರ್ಯಣ್ಣ!

ಭಾಗವತರು: ಎದ್ದನಾ?

ಎಲ್ಲರೂ: ಇಲ್ಲ!

ಭಾಗವತರು: ಈಗ ಯಾರು?

ಮೇಕೆಗಳು: (ಎದ್ದು) ನಾವು! ನಾವು!

ಭಾಗವತರು: ಮೇಕೆಗಳಿಗೆ ಯಾಕೆ ಬಿಸಿಲು?

ಮೇಕೆಗಳು: (ಮೈ ನಡುಗಿಸಿ) ಚಳಿ! ಚಳಿ!

ಭಾಗವತರು: ಹಾಗಾದ್ರೆ ಕೂಗಿ!

ಮೇಕೆಗಳು: ಮ್ಯಾ! ಮ್ಯಾ!

ಎಲ್ಲರೂ: ಏಳು ಏಳು ಸೂರ್ಯಣ್ಣ, ಕಂಬಳಿ ತೆಗೆಯೋ ಸೂರ್ಯಣ್ಣ!

ಭಾಗವತರು: ಎದ್ದನಾ?

ಎಲ್ಲರೂ: ಇಲ್ಲ!

ಭಾಗವತರು: ಈಗ ಯಾರು?

ಕರುಗಳು: (ಎದ್ದು) ನಾವು! ನಾವು!

ಭಾಗವತರು: ಕರುಗಳಿಗೆ ಯಾಕೆ ಬಿಸಿಲು?

ಕರುಗಳು: ಹುಲ್ಲು ಒದ್ದೆ!

ಭಾಗವತರು: ಹಾಗಾದ್ರೆ ಕೂಗಿ!

ಕರುಗಳು: ಅಂಬಾ! ಅಂಬಾ!

ಎಲ್ಲರೂ: ಏಳು ಏಳು ಸೂರ್ಯಣ್ಣ, ಕಂಬಳಿ ತೆಗೆಯೋ ಸೂರ್ಯಣ್ಣ!

ಭಾಗವತರು: ಎದ್ದನಾ?

ಎಲ್ಲರೂ: ಇಲ್ಲ!

ಭಾಗವತರು: ಇನ್ನು ಉಳಿದವರು ಯಾರು? ಕಪ್ಪೆಗಳೇ, ನೀವು ಎಬ್ಬಿಸ್ತೀರಾ?

ಕಪ್ಪೆಗಳು: (ಕುಕ್ಕರಗಾಲಿನಲ್ಲೇ, ತಲೆ ಅಲ್ಲಾಡಿಸಿ) ಊಹೂಂ! ಊಹೂಂ!

ಭಾಗವತರು: ಯಾಕೆ?

ಕಪ್ಪೆಗಳು: ಮಳೆ ಬೇಕು!

ಭಾಗವತರು: ಅಜ್ಜೀ, ಕಪ್ಪೆಗಳು ಒಪ್ತಿಲ್ಲ. ಏನು ಮಾಡೋಣ?

ಅಜ್ಜಿ: ಹಪ್ಪಳ ಕೊಡ್ತೀನಿ!

ಕಪ್ಪೆಗಳು: (ಎದ್ದು) ಹಪ್ಪಳಾನಾ? ವಟ ವಟ! ವಟ ವಟ!

ಭಾಗವತರು: ಈಗ ಎಲ್ಲರೂ ಒಟ್ಟಿಗೆ! (ಸಭೆಯ ಕಡೆ ತಿರುಗಿ) ಅಪ್ಪ ಅಮ್ಮ ಅಜ್ಜಿ ತಾತ, ನೀವೂ ಚಪ್ಪಾಳೆ ತಟ್ಟಿ!

ಎಲ್ಲರೂ: ಏಳು ಏಳು ಸೂರ್ಯಣ್ಣ, ಕಂಬಳಿ ತೆಗೆಯೋ ಸೂರ್ಯಣ್ಣ! (ಎರಡು ಸಲ. ಆಮೇಲೆ ಪ್ರತಿ ಗುಂಪೂ ತನ್ನ ಕೂಗನ್ನು ಒಟ್ಟಿಗೇ ಕೂಗುತ್ತದೆ.)

(ಭಾಗವತರು ಕೈ ಎತ್ತುತ್ತಾರೆ. ಎಲ್ಲರೂ ನಿಶ್ಶಬ್ದ.)

ಭಾಗವತರು: ಹುಂಜಪ್ಪಾ, ಗಂಟಲು ಹೇಗಿದೆ?

ಹುಂಜ: (ಎದ್ದು, ಗಟ್ಟಿಯಾಗಿ) ಕೊಕ್ಕೊಕ್ಕೋ!

(ಮೋಡಗಳು ಬೆಡ್‌ಶೀಟನ್ನು ಕೆಳಗೆ ಬಿಡುತ್ತವೆ. ಸೂರ್ಯ ಮಣೆಯ ಮೇಲೆ ಎದ್ದು ನಿಲ್ಲುತ್ತಾನೆ.)

ಸೂರ್ಯ: ಬಂದೆ!

ಭಾಗವತರು: ಹಪ್ಪಳಗಳೇ, ಈಗ?

ಹಪ್ಪಳಗಳು: (ಎದ್ದು ನಿಂತು) ಗರಿ ಗರಿ! ಗರಿ ಗರಿ!

ಎಲ್ಲರೂ: (ಎದ್ದು, ಚಪ್ಪಾಳೆ ತಟ್ಟುತ್ತ) ಬಂದ ಬಂದ ಸೂರ್ಯಣ್ಣ, ಬಿಸಿಲು ತಂದ ಸೂರ್ಯಣ್ಣ! (ಎರಡು ಸಲ)

ಕಪ್ಪೆಗಳು: ಅಜ್ಜೀ, ಹಪ್ಪಳ?

ಅಜ್ಜಿ: (ಬುಟ್ಟಿ ಎತ್ತಿಕೊಂಡು) ಬನ್ನಿ ಬನ್ನಿ!

(ಎಲ್ಲರೂ ನಮಸ್ಕಾರ ಮಾಡಿ ಅಜ್ಜಿಯ ಹಿಂದೆ ಸಾಲಾಗಿ ಹೋಗುತ್ತಾರೆ.)

ಸ್ಕ್ರಿಪ್ಟ್ ಇಲ್ಲಿಗೆ ಮುಗಿಯಿತು. ಸೂರ್ಯನ ಪಾತ್ರ ಹುಡುಗಿಯದಾದರೆ 'ಸೂರ್ಯಕ್ಕ' ಎನ್ನಿ, ಹಾಡಿನ ಲಯ ಕೆಡುವುದಿಲ್ಲ. ಆಗ 'ತೆಗೆಯೋ' ಎನ್ನುವಲ್ಲಿ 'ತೆಗೆಯೇ' ಎಂದೂ, 'ಬಂದ, ತಂದ' ಎನ್ನುವಲ್ಲಿ 'ಬಂದ್ಳು, ತಂದ್ಳು' ಎಂದೂ, ಭಾಗವತರ ಮಾತಿನಲ್ಲಿ 'ಎದ್ಲಾ?' ಎಂದೂ ಆಗುತ್ತದೆ. ಹಾಡಿನ ಸಾಲಿಗೆ ನಾಲ್ಕು ಚಪ್ಪಾಳೆ: ಏಳೂ, ಏಳೂ, ಸೂರ್ಯ, ಣ್ಣಾ. ಎರಡನೆಯ ಸಾಲಿಗೂ ಅಷ್ಟೇ: ಕಂಬಳಿ, ತೆಗೆಯೋ, ಸೂರ್ಯ, ಣ್ಣಾ. ಇದಕ್ಕೆ ರಾಗ ಬೇಕಾಗಿಲ್ಲ. ರಾಗ ಹಾಕಿದರೆ ಪ್ರತಿ ಮಗುವಿನ ಶ್ರುತಿ ಬೇರೆಯಾಗಿ ಪದಗಳೇ ಕೇಳಿಸುವುದಿಲ್ಲ, ತಾಳದ ಮೇಲೆ ಹೇಳಿದರೆ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ.

ಗುಬ್ಬಿ, ಮೇಕೆ, ಕರುಗಳ ಭಾಗ ಒಂದೇ ಅಚ್ಚಿನದು. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದೇನೆ. ಮೂರು ಸಲ ಅದೇ ಬಂದಾಗ ಮಕ್ಕಳಿಗೆ ಮುಂದಿನದು ತಾನಾಗಿ ಗೊತ್ತಾಗುತ್ತದೆ, ಸಭೆಗೂ ಹಾಡು ಬಾಯಿಗೆ ಬಂದಿರುತ್ತದೆ. ನಾಲ್ಕನೆಯ ಸಲವೂ ಹಾಗೆಯೇ ಬಂದರೆ ಬೇಸರವಾಗುತ್ತದೆ, ಆದ್ದರಿಂದ ಕಪ್ಪೆಗಳು ಒಲ್ಲೆ ಎನ್ನುತ್ತವೆ. ನಿಮ್ಮಲ್ಲಿ ಮಕ್ಕಳು ಹೆಚ್ಚಿದ್ದರೆ ಗುಂಪುಗಳನ್ನು ಹಿಗ್ಗಿಸಿ. ಗುಂಪುಗಳ ಸಂಖ್ಯೆಯನ್ನು ಹೆಚ್ಚಿಸಬೇಡಿ, ಏಕೆಂದರೆ ಒಂದು ಗುಂಪು ಸೇರಿದರೆ ಸುಮಾರು ಮುಕ್ಕಾಲು ನಿಮಿಷ ಬೆಳೆಯುತ್ತದೆ, ಆಮೇಲೆ ಮೊದಲ ಗುಂಪಿನ ಗಮನ ಚದುರುತ್ತದೆ. ಈಗಿರುವ ಅಳತೆಯಲ್ಲಿ ತರಗತಿಯಲ್ಲಿ ಐದು ನಿಮಿಷ, ವೇದಿಕೆಯಲ್ಲಿ ನಗು ಚಪ್ಪಾಳೆ ಸೇರಿ ಆರು ನಿಮಿಷ ಆಗಬಹುದು. ಪ್ರಾಣಿಗಳನ್ನು ಮಾತ್ರ ನಿಮ್ಮ ಇಷ್ಟದಂತೆ ಬದಲಿಸಿ. ಮಲೆನಾಡಿನ ಶಾಲೆಯಾದರೆ ನವಿಲು ತರಬಹುದು, ಬಯಲುಸೀಮೆಯಾದರೆ ಕುರಿ.

ಕನ್ನಡ ಮನೆಮಾತಲ್ಲದ ಇಬ್ಬರನ್ನು ಗುಬ್ಬಿ ಅಥವಾ ಕರುಗಳ ಗುಂಪಿಗೆ ಹಾಕಿ. ಅಲ್ಲಿ ಮಾತಿಗಿಂತ ಕೂಗೇ ಹೆಚ್ಚು. ಅವರ ತಾಯಂದಿರನ್ನು ಒಂದು ಮಾತು ಕೇಳಿ: ಬೆಳಿಗ್ಗೆ ಮಗುವನ್ನು ಎಬ್ಬಿಸುವಾಗ ಮನೆಯಲ್ಲಿ ಏನನ್ನುತ್ತೀರಿ? ಹಿಂದಿಯ ಮನೆಯಾದರೆ 'ಉಠೋ ಉಠೋ' ಎನ್ನುತ್ತಾರೆ, ತೆಲುಗಿನ ಮನೆಯಾದರೆ 'ಲೇ ಲೇ' ಎನ್ನುತ್ತಾರೆ. ಆ ಗುಂಪಿನ ಸರದಿ ಬಂದಾಗ ನೀವು ಮೈಕನ್ನು ಆ ಮಗುವಿನ ಬಳಿ ಹಿಡಿದು, 'ನಿಮ್ಮ ಮನೇಲಿ ಹೇಗೆ ಎಬ್ಬಿಸ್ತಾರೆ?' ಎಂದು ಕೇಳಬಹುದು. ಸೂರ್ಯನನ್ನು ಎಬ್ಬಿಸಲು ಯಾವ ಭಾಷೆಯಾದರೂ ಆಗುತ್ತದೆ. ಮಗು ಆ ದಿನ ಹೇಳದಿದ್ದರೆ ಪ್ರಶ್ನೆಯನ್ನೇ ಬಿಟ್ಟುಬಿಡಿ, ನಾಟಕಕ್ಕೆ ಏನೂ ಕೊರತೆಯಾಗುವುದಿಲ್ಲ.

ಮೂರು ವಾರಗಳನ್ನು ಹೇಗೆ ಬಳಸಬೇಕು ಎಂಬುದು ಸ್ಕ್ರಿಪ್ಟಿನಷ್ಟೇ ಮುಖ್ಯ. ದಿನಕ್ಕೆ 15 ನಿಮಿಷ ಸಾಕು, ಊಟಕ್ಕೆ ಮೊದಲಿನ ಹೊತ್ತಿನಲ್ಲಿ ಮಾಡಿ. ಮೊದಲ ವಾರ ಪಾತ್ರ ಹಂಚಬೇಡಿ. ಕಥೆಯನ್ನು ಕಥೆಯಾಗಿ ಹೇಳಿ, ಮಾರನೆಯ ದಿನ ನೀವು ಪ್ರಶ್ನೆ ಕೇಳುತ್ತ ಹೋಗಿ, ಇಡೀ ತರಗತಿ ಎಲ್ಲ ಪಾತ್ರಗಳಿಗೂ ಉತ್ತರ ಕೊಡಲಿ. ವಾರದ ಕೊನೆಗೆ ಯಾರ ದನಿ ಗಟ್ಟಿ, ಯಾರು ನಾಲ್ಕು ದಿನ ಕಳೆದರೂ ತುಟಿ ಬಿಚ್ಚಲಿಲ್ಲ, ಯಾರು ಕಪ್ಪೆಯಾಗಿ ಕುಪ್ಪಳಿಸಲು ಹಟ ಹಿಡಿದರು ಎಂಬುದು ನಿಮಗೇ ಕಾಣುತ್ತದೆ. ಇದರಿಂದ ಇನ್ನೊಂದು ಲಾಭವಿದೆ: ಎಲ್ಲರಿಗೂ ಎಲ್ಲ ಮಾತೂ ಬರುವುದರಿಂದ ಆ ದಿನ ಅಜ್ಜಿಗೆ ಜ್ವರ ಬಂದರೆ ಇನ್ನೊಬ್ಬಳು ಅಜ್ಜಿಯಾಗುತ್ತಾಳೆ. ಆದರೂ ಅಜ್ಜಿ, ಹುಂಜ, ಸೂರ್ಯ ಈ ಮೂವರಿಗೂ ಬದಲಿ ಯಾರೆಂದು ಮೊದಲೇ ಗೊತ್ತುಮಾಡಿ, ವಾರಕ್ಕೆ ಒಂದೆರಡು ದಿನ ಅವರಿಂದಲೇ ಆಡಿಸಿ.

ಎರಡನೆಯ ವಾರ ಪಾತ್ರಗಳನ್ನು ಹಂಚಿ, ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತು ಹಾಕಿ, ತಮ್ಮ ಬಣ್ಣದ ಗುರುತಿನ ಮೇಲೆ ಕುಳಿತು ಏಳುವುದನ್ನು ಕಲಿಸಿ. ಅದೇ ಬಣ್ಣದ ಟೇಪು ವೇದಿಕೆಯ ಮೇಲೂ ಇರಲಿ. ಸ್ಕ್ರಿಪ್ಟಿನ ಪ್ರತಿಯನ್ನು ಮನೆಗೆ ಕಳಿಸಬೇಡಿ. ಕಳಿಸಿದರೆ ಪೋಷಕರು ಪ್ರೀತಿಯಿಂದಲೇ ಮಗುವಿಗೆ ಇಡೀ ನಾಟಕ ಬಾಯಿಪಾಠ ಮಾಡಿಸುತ್ತಾರೆ, ಆಮೇಲೆ ಆ ಮಗು ವೇದಿಕೆಯ ಮೇಲೆ ಪ್ರಶ್ನೆಗೆ ಮೊದಲೇ ಎಲ್ಲರ ಮಾತನ್ನೂ ತಾನೇ ಹೇಳಿಬಿಡುತ್ತದೆ. ಹಾಡಿನ ಎರಡು ಸಾಲು ಮತ್ತು ಆ ಮಗುವಿನ ಕೂಗು, ಇಷ್ಟನ್ನು ಡೈರಿಯಲ್ಲಿ ಬರೆದು ಕಳಿಸಿದರೆ ಸಾಕು.

ಮೂರನೆಯ ವಾರ ಹೊಸದೆಲ್ಲವನ್ನೂ ಒಂದೊಂದಾಗಿ ಪರಿಚಯಿಸಿ. ಒಂದು ದಿನ ಮೈಕ್, ಒಂದು ದಿನ ವೇಷ, ಒಂದು ದಿನ ವೇದಿಕೆ, ಕೊನೆಗೆ ಮೂರೂ ಒಟ್ಟಿಗೆ. ತನ್ನದೇ ದನಿ ಸ್ಪೀಕರಿನಿಂದ ದೊಡ್ಡದಾಗಿ ಕೇಳಿ ಹೆದರುವ ಮಕ್ಕಳಿದ್ದಾರೆ, ಆ ಹೆದರಿಕೆ ಸಮಾರಂಭದ ದಿನಕ್ಕೆ ಮೊದಲೇ ತೀರಿಹೋಗಬೇಕು. ಮಕ್ಕಳ ಕೈಗೆ ಮೈಕ್ ಕೊಡಬೇಡಿ. ಅಜ್ಜಿ, ಹುಂಜ, ಸೂರ್ಯರ ಮಾತಿಗೆ ನಿಮ್ಮ ಕೈಯ ಮೈಕನ್ನೇ ಅವರ ಗಲ್ಲದ ಬಳಿ ಹಿಡಿಯಿರಿ. ಗುಂಪುಗಳಿಗೆ ಮುಂದೆ ಎರಡು ಕಡೆ ತಗ್ಗಿಸಿಟ್ಟ ಸ್ಟ್ಯಾಂಡ್ ಮೈಕ್ ಸಾಕು. ಮೊದಲೇ ದನಿ ಮುದ್ರಿಸಿಕೊಂಡು ಅದಕ್ಕೆ ಬಾಯಾಡಿಸುವ ರೂಢಿ ಈಗ ಹಲವೆಡೆ ಇದೆ. ಈ ನಾಟಕಕ್ಕೆ ಅದು ಸಲ್ಲದು. ಮುದ್ರಿಸಿದ ದನಿ ಯಾರಿಗೂ ಕಾಯುವುದಿಲ್ಲ, ಒಂದು ಮಗು ಎರಡು ಕ್ಷಣ ತಡಮಾಡಿದರೆ ಮುಂದಿನದೆಲ್ಲ ತಾಳ ತಪ್ಪುತ್ತದೆ.

ನೀವು ಕಾಯಬಲ್ಲಿರಿ, ಆದರೆ ಎಷ್ಟು ಕಾಯಬೇಕೆಂಬುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಮೂರು ಎಣಿಸಿ. ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಹೌದು, ಇಲ್ಲ ಎನ್ನಬಹುದಾದ ಪ್ರಶ್ನೆಯಾಗಿ ತಿರುಗಿಸಿ. ಉದಾಹರಣೆಗೆ ಹುಂಜ ಸುಮ್ಮನೆ ನಿಂತರೆ 'ಏನಾಯ್ತು?' ಎಂದು ಮತ್ತೆ ಮತ್ತೆ ಕೇಳದೆ, 'ಗಂಟಲು ನೋವಾ ಹುಂಜಪ್ಪ?' ಎನ್ನಿ. ಮಗು ತಲೆಯಾಡಿಸಿದರೂ ಕಥೆ ಮುಂದೆ ಹೋಗುತ್ತದೆ. ಅದೂ ಆಗದಿದ್ದರೆ ಎಲ್ಲರ ಕಡೆ ತಿರುಗಿ, 'ಹುಂಜಪ್ಪನಿಗೆ ಏನಾಗಿದೆ ಮಕ್ಕಳೇ?' ಎಂದು ಕೇಳಿ, ಉಳಿದವರು ಹೇಳುತ್ತಾರೆ. ಕೊನೆಯಲ್ಲಿ ಹುಂಜ ಕೂಗದಿದ್ದರೂ ಹೀಗೆಯೇ: 'ಎಲ್ಲರೂ ಹುಂಜನಿಗೆ ಸಹಾಯ ಮಾಡಿ' ಎಂದರೆ 24 ಹುಂಜಗಳು ಕೂಗುತ್ತವೆ. ಪಕ್ಕದ ತೆರೆಯ ಹಿಂದಿನಿಂದ ಯಾರೂ ಮಾತು ಹೇಳಿಕೊಡಬಾರದು. ಹೇಳಿಕೊಟ್ಟರೆ ಮಗು ಸಭೆಗೆ ಬೆನ್ನು ಮಾಡಿ ಆ ಕಡೆಗೇ ನೋಡುತ್ತ ನಿಲ್ಲುತ್ತದೆ.

ಆರಂಭದಲ್ಲಿ ಕೈ ಬೀಸಿಸುವುದು ಅಲಂಕಾರಕ್ಕಲ್ಲ. ಮಗು ವೇದಿಕೆಯಿಂದ ಅಮ್ಮನನ್ನು ಹುಡುಕಿಯೇ ಹುಡುಕುತ್ತದೆ. ನಾಟಕದ ನಡುವೆ ಹುಡುಕುವುದಕ್ಕಿಂತ ಮೊದಲೇ ಹುಡುಕಿ ಮುಗಿಸಲಿ. ಫೋಟೋ ತೆಗೆಯಲು ಪೋಷಕರು ವೇದಿಕೆಯ ಮುಂದೆ ಬಂದು ನಿಲ್ಲದಂತೆ ಹಿಂದಿನ ದಿನವೇ ಹೇಳಿಡಿ, ಏಕೆಂದರೆ ತಮ್ಮ ಜಾಗ ಬಿಟ್ಟು ಎದ್ದ ಅಮ್ಮನನ್ನು ಕಂಡ ಮಗು ತಾನೂ ಎದ್ದು ಬರುತ್ತದೆ. ಆದರೂ ಒಂದು ಮಗು ಅತ್ತರೆ ಅದನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಶಾಲೆಯ ಆಯಾ ಮೊದಲಿನಿಂದಲೂ ಕರು ಮತ್ತು ಕಪ್ಪೆಗಳ ನಡುವೆ, ಇನ್ನೊಬ್ಬ ಶಿಕ್ಷಕಿ ಸೂರ್ಯನ ಬಳಿ ಬೆಡ್‌ಶೀಟಿನ ಹಿಂದೆ ಕುಳಿತಿರಲಿ. ಅಳುವ ಮಗುವನ್ನು ಆಯಾ ಅಲ್ಲಿಯೇ ಮಡಿಲಿಗೆ ಹಾಕಿಕೊಂಡರೆ ಸಾಕು, ಹೆಚ್ಚಿನ ಸಲ ಮುಂದಿನ ಹಾಡಿನ ಹೊತ್ತಿಗೆ ಅದು ಚಪ್ಪಾಳೆ ತಟ್ಟುತ್ತಿರುತ್ತದೆ.

ವೇಷಗಳು ಹಗುರವಾಗಿರಲಿ. ಬಾಡಿಗೆಗೆ ಸಿಗುವ ಮೈತುಂಬ ಮುಚ್ಚುವ ಪ್ರಾಣಿವೇಷಗಳಲ್ಲಿ ಮಕ್ಕಳು ಬೆವರುತ್ತಾರೆ, ಶೌಚಕ್ಕೆ ಹೋಗಲೂ ಆಗುವುದಿಲ್ಲ. ಮುಖವಾಡ ಹಾಕಿದರೆ ಪಕ್ಕದವರು ಕಾಣುವುದಿಲ್ಲ, ದನಿಯೂ ಒಳಗೇ ಉಳಿಯುತ್ತದೆ. ಮನೆಯಲ್ಲಿರುವ ಒಂದೇ ಬಣ್ಣದ ಬಟ್ಟೆ, ಹಣೆಗೆ ಚಾರ್ಟ್ ಪೇಪರಿನ ಪಟ್ಟಿ, ಅದರ ಮೇಲೆ ಕಿವಿ ಅಥವಾ ಕೊಕ್ಕು ಇಷ್ಟು ಸಾಕು. ಹಪ್ಪಳಕ್ಕೆ ಒಂದೂವರೆ ಅಡಿ ಅಗಲದ ದುಂಡು ರಟ್ಟನ್ನು ನಸುಹಳದಿ ಬಣ್ಣ ಬಳಿದು, ಅಲ್ಲಲ್ಲಿ ಕಪ್ಪು ಚುಕ್ಕಿ ಇಟ್ಟು, ಅಗಲವಾದ ಪಟ್ಟಿಯಿಂದ ಎದೆಗೆ ತೂಗುಹಾಕಿ. ದೀಪಗಳನ್ನು ಪೂರ್ತಿ ಆರಿಸಿ ಕತ್ತಲೆ ಮಾಡಬೇಡಿ. ಮೋಡ ಮುಚ್ಚಿದ ಭಾವ ತರಲು ಬೂದು ಬೆಡ್‌ಶೀಟೇ ಸಾಕು, ಸೂರ್ಯ ಎದ್ದಾಗ ಒಂದು ಹಳದಿ ದೀಪ ಹೆಚ್ಚಿಸಿದರೆ ಚೆನ್ನಾಗಿರುತ್ತದೆ.

ಕಾರ್ಯಕ್ರಮ ಪಟ್ಟಿಯಲ್ಲಿ ನಿಮ್ಮ ನಾಟಕ ಎಲ್ಲಿದೆ ಎಂಬುದನ್ನು ಇಂದೇ ವಿಚಾರಿಸಿ. ಪುಟಾಣಿಗಳದ್ದನ್ನು ಮೊದಲ ಮೂರು ಕಾರ್ಯಕ್ರಮಗಳಲ್ಲಿ ಒಂದಾಗಿ, ಅತಿಥಿಗಳ ಭಾಷಣಕ್ಕೂ ಮೊದಲು ಇಡಬೇಕೆಂದು ಮುಖ್ಯೋಪಾಧ್ಯಾಯರನ್ನು ಒತ್ತಾಯಿಸಿ ಕೇಳಿ. ನಾನು ನೋಡಿದ ಒಂದು ವಾರ್ಷಿಕೋತ್ಸವದಲ್ಲಿ ಸಂಜೆ ಆರಕ್ಕೆ ಎಂದಿದ್ದ ಪುಟಾಣಿಗಳ ಸರದಿ ರಾತ್ರಿ ಎಂಟೂವರೆಗೆ ಬಂತು. ತೆರೆಯ ಹಿಂದೆ ಕುಳಿತ ಒಂದು ಮಗು ತನ್ನ ಸರದಿ ಬರುವಷ್ಟರಲ್ಲಿ ನಿಜವಾಗಿಯೂ ನಿದ್ದೆ ಹೋಗಿತ್ತು, ಎಬ್ಬಿಸಿದಾಗ ಬೆದರಿ ಅತ್ತಿತು. ಆ ಮಗುವಿನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ವೇದಿಕೆಗೆ ಹೋಗುವ ಮೊದಲು ಎಲ್ಲರನ್ನೂ ಒಮ್ಮೆ ಶೌಚಕ್ಕೆ ಕರೆದೊಯ್ಯಿರಿ, ಬಾಳೆಹಣ್ಣಿನಂಥದ್ದೇನಾದರೂ ತಿನ್ನಿಸಿ, ವೇಷವನ್ನು ಕೊನೆಯ ಕಾಲು ಗಂಟೆಯಲ್ಲಿ ಹಾಕಿ.

ಅಜ್ಜಿಯ ಬುಟ್ಟಿಯ ವಿಷಯ ಒಂದು ಉಳಿಯಿತು. ಪುಟಾಣಿಗಳನ್ನು ವೇದಿಕೆ ಹತ್ತಿಸುವುದಕ್ಕಿಂತ ಇಳಿಸುವುದು ಕಷ್ಟ. ಚಪ್ಪಾಳೆ ಬಿದ್ದ ಮೇಲೆ ಅರ್ಧ ಮಕ್ಕಳು ಅಲ್ಲಿಯೇ ನಿಲ್ಲುತ್ತಾರೆ, ಇನ್ನರ್ಧ ಅಮ್ಮನ ಕಡೆ ಓಡುತ್ತಾರೆ. ಅದಕ್ಕಾಗಿಯೇ ನಾಟಕವನ್ನು ಹಪ್ಪಳದ ಮೇಲೆ ಮುಗಿಸಿದ್ದೇನೆ. ಅಂದು ಮಧ್ಯಾಹ್ನವೇ ಒಂದಿಷ್ಟು ಉದ್ದಿನ ಹಪ್ಪಳ ಕರಿದು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ಪಕ್ಕದ ಕೋಣೆಯಲ್ಲಿ ಒಬ್ಬ ಸಹಾಯಕಿಯ ಬಳಿ ಇರಿಸಿ. ಅಜ್ಜಿ ಬರಿಯ ಬುಟ್ಟಿ ಹಿಡಿದು ಮುಂದೆ ನಡೆಯಲಿ. ಅಭ್ಯಾಸದ ಕೊನೆಯ ಎರಡು ದಿನವೂ ಆ ಕೋಣೆಯಲ್ಲಿ ನಿಜವಾದ ಹಪ್ಪಳ ಕೊಟ್ಟಿದ್ದರೆ, ಸಮಾರಂಭದ ಸಂಜೆ 24 ಮಕ್ಕಳೂ ಯಾರೂ ಕರೆಯದೆಯೇ ಅವಳ ಹಿಂದೆ ಸಾಲುಗಟ್ಟಿ ಹೋಗುತ್ತಾರೆ.